ಸ್ಟಾಕ್‌ಹೋಮಿನಲ್ಲಿ ಕೊಪ್ಪದ ಬಾಂಗ್

ಪ್ರಕರಣವನ್ನು ಹೀಗೆ ಇಟ್ಟುಕೊಳ್ಳೋಣ. ಕೊಪ್ಪದ ಕಡೆಯ ಒಬ್ಬ ಬ್ಯಾರಿ ಹುಡುಗ. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನನ್ನು ಕಂಪನಿಯವರು ಜೂನ್ ಮೊದಲ ವಾರದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಕಳಿಸುತ್ತಾರೆ. ಐದು ಹೊತ್ತಿನ ನಮಾಝನ್ನು ಬಿಟ್ಟವನಲ್ಲ. ಬಾಡಿಗೆ ಕೋಣೆಯಲ್ಲಿ ಮುಸಲ್ಲಾ ಹಾಸುವಾಗ ಕಿಬ್ಲಾ ಯಾವ ಕಡೆ ಎಂದು ಅವನು ಯಾರನ್ನೂ ಕೇಳಲಿಲ್ಲ. ಊರಿನಲ್ಲಿ ಸೂರ್ಯ ಮುಳುಗುವ ಕಡೆಗೆ ನಿಲ್ಲುವುದು ರೂಢಿ, ಇಲ್ಲಿಯೂ ಸೂರ್ಯ ಮುಳುಗುವ ಕಿಟಕಿಯ ಕಡೆಗೇ ನಿಂತ. ಆದರೆ ಸೂರ್ಯ ಮುಳುಗಿದ್ದು ರಾತ್ರಿ ಹತ್ತರ ಹೊತ್ತಿಗೆ. ಆಮೇಲೆ ಕತ್ತಲಾಗಲಿ ಎಂದು ಕಾದರೆ ಕತ್ತಲೆಯೇ ಬರಲಿಲ್ಲ. ಫೋನಿನಲ್ಲಿ ಉಮ್ಮನಿಗೆ ಹೇಳಿದ. ಆಕೆ, "ಅಲ್ಲಿ ಹೊತ್ತು ಗೊತ್ತಾಗುವುದಿಲ್ಲವಾದರೆ ನಮ್ಮ ಪಳ್ಳಿಯ ಬಾಂಗಿನ ಹೊತ್ತಿಗೆ ಮಾಡು ಮೋನೆ, ನಾವಿಬ್ಬರೂ ಒಟ್ಟಿಗೆ ಮಾಡಿದ ಹಾಗಾಗುತ್ತದೆ" ಎಂದಳು. ಕೆಲವು ದಿನ ಹಾಗೆಯೇ ಮಾಡಿದ.

ನಂತರ ಆಫೀಸಿನ ಜೊತೆಗಾರನೊಬ್ಬ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅದರಲ್ಲಿ ಇಶಾಕ್ಕೆ ಒಂದಲ್ಲ, ಮೂರು ಲೆಕ್ಕ. ಒಂದು ಲೆಕ್ಕದಲ್ಲಿ ಹನ್ನೊಂದರ ಒಳಗೆ ಇಶಾ, ಇನ್ನೊಂದರಲ್ಲಿ ಹನ್ನೆರಡರ ಸುಮಾರಿಗೆ, ಮತ್ತೊಂದರಲ್ಲಿ ಒಂದು ಗಂಟೆಯ ಹತ್ತಿರ. ಹುಡುಗ ಜಾಣ. ಮರುದಿನ ಬೇಗ ಏಳಬೇಕಾದ ದಿನ ಮೊದಲನೆಯದು, ಸ್ನೇಹಿತರೊಡನೆ ಹೊರಗೆ ಹೋದ ದಿನ ಮೂರನೆಯದು, ತೀರಾ ಸುಸ್ತಾದ ದಿನ ಮಗ್ರಿಬಿನ ಜೊತೆಗೇ ಇಶಾವನ್ನೂ ಮುಗಿಸಿ ಮಲಗಿದ. ತಿಂಗಳು ಕಳೆದ ಮೇಲೆ ಮನಸ್ಸಿಗೆ ಸಮಾಧಾನವಾಗದೆ ಊರಿನ ಉಸ್ತಾದರನ್ನು ಕೇಳುತ್ತಾನೆ: ನಾನು ಮಾಡಿದ್ದರಲ್ಲಿ ಯಾವುದು ನಮಾಝ್ ಆಯಿತು, ಯಾವುದು ಆಗಲಿಲ್ಲ?

ಇಂಥ ಪ್ರಶ್ನೆಗೆ "ನಿಯ್ಯತ್ ಒಳ್ಳೆಯದಿದ್ದರೆ ಎಲ್ಲವೂ ಆಗುತ್ತದೆ" ಎಂದು ಬೆನ್ನು ತಟ್ಟಿ ಕಳಿಸುವವರಿದ್ದಾರೆ. ಎಲ್ಲವನ್ನೂ ಮತ್ತೆ ಮಾಡು ಎಂದು ಹೆದರಿಸುವವರೂ ಇದ್ದಾರೆ. ಎರಡೂ ಸೋಮಾರಿಗಳ ಉತ್ತರ. ಈ ಹುಡುಗ ಮಾಡಿದ್ದು ಒಂದು ತಪ್ಪಲ್ಲ. ಬೇರೆ ಬೇರೆ ತೂಕದ ಮೂರು ಕೆಲಸಗಳು ಇಲ್ಲಿ ಕಲೆತುಹೋಗಿವೆ.

ಮೊದಲು ದಿಕ್ಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಊರುಗಳಿಂದ ಕಅಬಾ ಇರುವುದು ಸರಿಯಾಗಿ ಪಶ್ಚಿಮಕ್ಕಲ್ಲ. ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ಓರೆಯಾಗಿ. ಮೂರು ಊರುಗಳ ನಡುವಿನ ವ್ಯತ್ಯಾಸ ಅರ್ಧ ಡಿಗ್ರಿಯೂ ಇಲ್ಲ, ಹಾಗಾಗಿ ಒಂದು ಊರಿನ ಲೆಕ್ಕವೇ ಮೂರಕ್ಕೂ ಸಾಕು. ಸೂರ್ಯ ಮುಳುಗುವ ಜಾಗ ಮಾತ್ರ ವರ್ಷವಿಡೀ ಜಾರುತ್ತಿರುತ್ತದೆ. ಜೂನ್ ಕೊನೆಯಲ್ಲಿ ಅದು ಪಶ್ಚಿಮದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಮೇ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ ಮಾತ್ರ ಸೂರ್ಯ ಸರಿಯಾಗಿ ಕಿಬ್ಲಾದ ಕಡೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ತೋಟದ ಮನೆಯ ಜಗಲಿಯಲ್ಲಿ ಮುಳುಗುವ ಸೂರ್ಯನಿಗೆ ಮುಖ ಮಾಡಿದವನು ಕಿಬ್ಲಾದಿಂದ 42 ಡಿಗ್ರಿ ತಪ್ಪಿರುತ್ತಾನೆ. ಹಾಗಿದ್ದೂ ಊರಿನಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಪಳ್ಳಿಯ ಮಿಹ್ರಾಬ್ ಹಿರಿಯರು ನೋಡಿ ಇಟ್ಟದ್ದು, ಮನೆಯವರು ಅದನ್ನು ಅನುಸರಿಸುತ್ತಾರೆ, ಅದೂ ಗೊತ್ತಾಗದಿದ್ದರೆ ಪಕ್ಕದ ಮನೆಯವರನ್ನು ಕೇಳುತ್ತಾರೆ.

ಸ್ಟಾಕ್‌ಹೋಮಿನಲ್ಲಿ ಕಿಬ್ಲಾ ಆಗ್ನೇಯದ ಕಡೆಗಿದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ 148 ಡಿಗ್ರಿ, ಅಂದರೆ ದಕ್ಷಿಣದಿಂದ ಪೂರ್ವಕ್ಕೆ 32 ಡಿಗ್ರಿ ವಾಲಿದ ದಿಕ್ಕು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ವಾಯವ್ಯವನ್ನೂ ದಾಟಿ ಉತ್ತರದ ಕಡೆಗೆ ಸರಿದು, ಸುಮಾರು 323 ಡಿಗ್ರಿಯಲ್ಲಿ. ಎರಡರ ನಡುವೆ 175 ಡಿಗ್ರಿ ಅಂತರ. ಊರಿನ ರೂಢಿಯನ್ನು ನಂಬಿದ ನಮ್ಮ ಹುಡುಗ ಕಅಬಾಕ್ಕೆ ಹೆಚ್ಚುಕಡಿಮೆ ನೇರವಾಗಿ ಬೆನ್ನು ಮಾಡಿ ನಿಂತಿದ್ದ!

ದಿಕ್ಸೂಚಿ ಇದ್ದರೆ ಸಾಕಲ್ಲವೇ ಎನ್ನಬಹುದು. ಸಾಕು, ಒಂದು ಎಚ್ಚರದೊಂದಿಗೆ. ದಿಕ್ಸೂಚಿಯ ಮುಳ್ಳು ತೋರಿಸುವುದು ಅಯಸ್ಕಾಂತದ ಉತ್ತರ, ಭೂಮಿಯ ನಿಜವಾದ ಉತ್ತರವಲ್ಲ. ಮಲೆನಾಡಿನಲ್ಲಿ ಈ ವ್ಯತ್ಯಾಸ ಒಂದೆರಡು ಡಿಗ್ರಿ, ಲೆಕ್ಕಕ್ಕಿಲ್ಲ. ಸ್ಟಾಕ್‌ಹೋಮಿನಲ್ಲಿ ಸುಮಾರು 7 ಡಿಗ್ರಿ ಪೂರ್ವಕ್ಕೆ, ಇನ್ನೂ ಉತ್ತರಕ್ಕೆ ಹೋದಂತೆ ಹೆಚ್ಚು. ಫೋನಿನೊಳಗಿನ ದಿಕ್ಸೂಚಿಯಂತೂ ಕಬ್ಬಿಣದ ಮಂಚ, ಲ್ಯಾಪ್‌ಟಾಪ್, ಕಾಂಕ್ರೀಟಿನ ಸರಳುಗಳ ಹತ್ತಿರ ಬಂದರೆ ಮನಸ್ಸಿಗೆ ಬಂದಂತೆ ತಿರುಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಜಾಗದಲ್ಲಿ ಇಟ್ಟಾಗ ಎರಡು ದಿಕ್ಕು ತೋರಿಸಿದರೆ ಆ ಕೋಣೆಯಲ್ಲಿ ಅದನ್ನು ನಂಬಬಾರದು. ಹೊರಗೆ ಬಯಲಿಗೆ ಹೋಗಿ ನೋಡಬೇಕು, ಇಲ್ಲವೇ ನಕ್ಷೆಯಲ್ಲಿ ಬೀದಿಯ ದಿಕ್ಕನ್ನು ಹಿಡಿದು ಕೋಣೆಯ ಗೋಡೆಗೆ ಹೊಂದಿಸಿಕೊಳ್ಳಬೇಕು.

ಇದೆಲ್ಲಕ್ಕಿಂತ ಹಳೆಯ, ಯಾವ ಯಂತ್ರವೂ ಬೇಡದ ದಾರಿ ಒಂದಿದೆ. ವರ್ಷಕ್ಕೆ ಎರಡು ಬಾರಿ, ಮೇ 27 ಅಥವಾ 28ರಂದು ಮತ್ತು ಜುಲೈ 15 ಅಥವಾ 16ರಂದು, ಮಕ್ಕಾದ ನಡುಹಗಲಿನಲ್ಲಿ ಸೂರ್ಯ ಕಅಬಾದ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಗಳಿಗೆಯಲ್ಲಿ ಭೂಮಿಯ ಮೇಲೆ ಎಲ್ಲಿಂದ ಸೂರ್ಯ ಕಾಣುತ್ತಾನೋ ಅಲ್ಲೆಲ್ಲ ಸೂರ್ಯನಿರುವ ಕಡೆಯೇ ಕಿಬ್ಲಾ. ಮೇ ತಿಂಗಳ ಗಳಿಗೆ ಮಕ್ಕಾದಲ್ಲಿ 12:18, ಕೊಪ್ಪದಲ್ಲಿ ಮಧ್ಯಾಹ್ನ 2:48, ಸ್ಟಾಕ್‌ಹೋಮಿನಲ್ಲಿ ಬೆಳಿಗ್ಗೆ 11:18. ಒಂದು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಆ ನಿಮಿಷಕ್ಕೆ ಬಿದ್ದ ನೆರಳಿನ ಗೆರೆಯನ್ನು ನೆಲದಲ್ಲಿ ಗುರುತು ಹಾಕಬೇಕು. ನೆರಳಿನ ತುದಿಯಿಂದ ಬುಡದ ಕಡೆಗೆ ಮುಖ ಮಾಡಿದರೆ ಅದು ಕಿಬ್ಲಾ. ಒಂದು ದಿನ ಹಿಂದೆ ಮುಂದೆ ಆದರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಜುಲೈ ಗಳಿಗೆ ನಮಗೆ ಮಧ್ಯಾಹ್ನ 2:57ಕ್ಕೆ ಬೀಳುತ್ತದೆ, ಆದರೆ ಜುಲೈ ನಡುವಿನಲ್ಲಿ ಶೃಂಗೇರಿ ಕೊಪ್ಪದ ಮಳೆಯಲ್ಲಿ ನೆರಳನ್ನು ಹುಡುಕುವವನಿಗೆ ಒಳ್ಳೆಯದಾಗಲಿ! ಮಲೆನಾಡಿಗೆ ಉಪಯೋಗಕ್ಕೆ ಬರುವುದು ಮೇ ತಿಂಗಳದೊಂದೇ, ಅದೂ ಮಧ್ಯಾಹ್ನದ ಗುಡುಗು ಮೋಡ ಆ ದಿನ ತಡವಾಗಿ ಬಂದರೆ.

ಇನ್ನು ತೀರ್ಮಾನದ ವಿಷಯ. ದಿಕ್ಕು ತಪ್ಪಿದ ನಮಾಝಿನ ಬಗ್ಗೆ ಮದ್‌ಹಬುಗಳು ಒಂದೇ ಮಾತು ಹೇಳುವುದಿಲ್ಲ. ನಮ್ಮ ಕಡೆಯ ಬ್ಯಾರಿಗಳು ಶಾಫಿಈಗಳು, ಉರ್ದು ಮಾತಾಡುವ ಮುಸ್ಲಿಮರು ಹೆಚ್ಚಾಗಿ ಹನಫಿಗಳು. ದೂರದಲ್ಲಿರುವವನು ಕಅಬಾ ಇರುವ ದಿಕ್ಕಿನ ಹರವಿಗೆ ಮುಖ ಮಾಡಿದರೆ ಸಾಕು ಎನ್ನುತ್ತಾರೆ ಹನಫಿಗಳು. ಕಅಬಾವನ್ನೇ ಗುರಿಯಾಗಿ, ತನಗೆ ತಿಳಿದ ಮಟ್ಟಿಗೆ ನೇರವಾಗಿ ಹಿಡಿಯಬೇಕು ಎಂಬುದು ಶಾಫಿಈ ಮದ್‌ಹಬಿನ ಬಲವಾದ ಅಭಿಪ್ರಾಯ. ತಿಳಿಯಲು ಶ್ರಮಪಟ್ಟು ಕೊನೆಗೂ ತಪ್ಪಿದವನು ಮತ್ತೆ ನಮಾಝ್ ಮಾಡಬೇಕಿಲ್ಲ ಎಂದು ಹನಫಿಗಳು ಹೇಳಿದರೆ, ತಪ್ಪು ಖಚಿತವಾಗಿ ಗೊತ್ತಾದ ಮೇಲೆ ಕಝಾ ಮಾಡಬೇಕೆಂದು ಶಾಫಿಈಗಳು. ನಮ್ಮ ಹುಡುಗನ ವಿಷಯದಲ್ಲಿ ಈ ಭಿನ್ನಾಭಿಪ್ರಾಯ ನೆರವಿಗೆ ಬರುವುದಿಲ್ಲ. ಅವನು ಶ್ರಮಪಟ್ಟು ತಪ್ಪಲಿಲ್ಲ, ಕೇಳುವ ಗೋಜಿಗೇ ಹೋಗಲಿಲ್ಲ. ಜೇಬಿನಲ್ಲಿ ಫೋನ್ ಇತ್ತು, ಬೀದಿಯಲ್ಲಿ ಜನ ಇದ್ದರು. ಕೈಯಳತೆಯಲ್ಲಿದ್ದ ತಿಳಿವಳಿಕೆಯನ್ನು ಬಿಟ್ಟು ರೂಢಿಯನ್ನು ಹಿಡಿದದ್ದೇ ಅವನ ಲೋಪ.

ಎರಡನೆಯದು ಉಮ್ಮನ ಸಲಹೆ. ಅದರಲ್ಲಿ ಎಷ್ಟು ಪ್ರೀತಿ ಇದೆಯೋ ಅಷ್ಟೇ ಅಪಾಯ ಇದೆ. ಜೂನ್ 21ರ ಲೆಕ್ಕವನ್ನು ನೋಡಿ. ಆ ದಿನ ಕೊಪ್ಪದಲ್ಲಿ ಸುಬಹಿ 4:43ಕ್ಕೆ, ಲುಹರ್ 12:30ರ ನಂತರ, ಅಸರ್ 3:56ಕ್ಕೆ, ಮಗ್ರಿಬ್ ಸಂಜೆ 6:58ಕ್ಕೆ, ಇಶಾ 8:18ಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಸ್ಟಾಕ್‌ಹೋಮಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಕೊಪ್ಪದ ಲುಹರ್ ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ಅಲ್ಲಿ ಸೂರ್ಯ ನಡುನೆತ್ತಿಯ ಗೆರೆ ದಾಟುವುದೇ 12:50ಕ್ಕೆ. ಕೊಪ್ಪದ ಅಸರ್ ಅಲ್ಲಿ 12:26, ಅಂದರೆ ಇನ್ನೂ ಮಧ್ಯಾಹ್ನವೇ ಆಗಿಲ್ಲ. ಕೊಪ್ಪದ ಮಗ್ರಿಬ್ ಅಲ್ಲಿ ಮಧ್ಯಾಹ್ನ ಮೂರೂವರೆ, ಬಿಸಿಲು ಚುರುಗುಟ್ಟುವ ಹೊತ್ತು. ಕೊಪ್ಪದ ಇಶಾವನ್ನು ಹುಡುಗ 4:48ಕ್ಕೆ ಮುಗಿಸಿಬಿಡುತ್ತಾನೆ, ಆಗ ಸ್ಟಾಕ್‌ಹೋಮಿನ ಅಸರ್ ಕೂಡ ಬಂದಿರುವುದಿಲ್ಲ. ಅದು ಬರುವುದು 5:30ಕ್ಕೆ. ದಿನದ ಐದೂ ನಮಾಝ್ ಮುಗಿಸಿದೆ ಎಂದುಕೊಂಡವನು ಅಲ್ಲಿನ ಲೆಕ್ಕದಲ್ಲಿ ಲುಹರಿನ ಹೊತ್ತಿನಲ್ಲೇ ಇದ್ದಾನೆ.

ನಮಾಝಿನ ಹೊತ್ತು ಗಡಿಯಾರದ್ದಲ್ಲ, ಆ ಜಾಗದ ಆಕಾಶದ್ದು ಎಂಬುದು ಇಲ್ಲಿ ಮೂಲ ಮಾತು. ಸೂರ್ಯ ನಡುಗೆರೆ ದಾಟುವುದು ಲುಹರಿನ ಗುರುತು. ನೆರಳು ನಡುಹಗಲಿನ ನೆರಳಿನ ಮೇಲೆ ವಸ್ತುವಿನಷ್ಟೇ ಉದ್ದ ಬೆಳೆದಾಗ ಶಾಫಿಈಗಳ ಅಸರ್, ಎರಡರಷ್ಟು ಬೆಳೆದಾಗ ಹನಫಿಗಳದ್ದು. ಕೊಪ್ಪದಲ್ಲಿ ಜೂನಿನಲ್ಲಿ ಈ ಎರಡರ ನಡುವೆ ಒಂದು ಗಂಟೆಗೂ ಹೆಚ್ಚು ಅಂತರ ಬರುತ್ತದೆ. ಸೂರ್ಯನ ಬಿಂಬ ಪೂರ್ತಿ ಮುಳುಗಿದರೆ ಮಗ್ರಿಬ್. ಪಡುವಲಿನ ಸಂಜೆಗೆಂಪು ಅಳಿದರೆ ಇಶಾ. ಪೂರ್ವದಲ್ಲಿ ಅಡ್ಡಕ್ಕೆ ಹರಡಿದ ಬೆಳಕು ಮೂಡಿದರೆ ಸುಬಹಿ. ಮಲೆನಾಡಿನಲ್ಲಿ ಮಳೆಗಾಲದ ಮೂರು ತಿಂಗಳು ಇವುಗಳಲ್ಲಿ ಒಂದೂ ಸರಿಯಾಗಿ ಕಾಣುವುದಿಲ್ಲ. ಪಳ್ಳಿಯ ಗೋಡೆಯ ಮೇಲಿನ ವೇಳಾಪಟ್ಟಿಯೇ ಗತಿ. ಹಾಗಾಗಿ ನಮ್ಮಲ್ಲಿ ಬೆಳೆದವರಿಗೆ ವೇಳಾಪಟ್ಟಿಯೇ ಮೂಲ ಎನ್ನಿಸಿಬಿಟ್ಟಿದೆ. ವೇಳಾಪಟ್ಟಿ ಆ ಗುರುತುಗಳ ಲೆಕ್ಕ ಮಾತ್ರ. ಮೋಡದ ಹಿಂದೆಯೂ ಸೂರ್ಯ ಮುಳುಗುತ್ತಾನೆ, ನಮಗೆ ಕಾಣಲಿಲ್ಲ ಅಷ್ಟೆ.

ಸ್ಟಾಕ್‌ಹೋಮಿನ ಜೂನಿನಲ್ಲಿ ಸೂರ್ಯ ನಡುಗೆರೆ ದಾಟುತ್ತಾನೆ, ನೆರಳು ಬೆಳೆಯುತ್ತದೆ, ರಾತ್ರಿ 10:08ಕ್ಕೆ ಸೂರ್ಯ ಮುಳುಗುತ್ತಾನೆ, ಬೆಳಗಿನ 3:31ಕ್ಕೆ ಹುಟ್ಟುತ್ತಾನೆ. ಐದು ಹೊತ್ತಿನಲ್ಲಿ ಮೂರಕ್ಕೆ ಗುರುತು ಸ್ಪಷ್ಟವಾಗಿಯೇ ಇದೆ. ಗುರುತು ಇರುವಾಗ ಅದನ್ನು ಬಿಟ್ಟು ಬೇರೆ ಊರಿನ ಗಡಿಯಾರ ಹಿಡಿಯಲು ಯಾವ ಮದ್‌ಹಬಿನಲ್ಲೂ ದಾರಿ ಇಲ್ಲ. ಇಲ್ಲದಿರುವುದು ಇಶಾದ ಗುರುತು ಮತ್ತು ಅದಕ್ಕೆ ಅಂಟಿಕೊಂಡ ಸುಬಹಿಯ ಆರಂಭ, ಈ ಎರಡೇ. ಕಷ್ಟ ಎಲ್ಲಿದೆಯೋ ಅಲ್ಲಿಗೆ ಮಾತ್ರ ರಿಯಾಯಿತಿ. ಎರಡು ಹೊತ್ತಿನ ತೊಡಕನ್ನು ತೋರಿಸಿ ಐದನ್ನೂ ಅಲ್ಲಾಡಿಸುವುದು ಸಲ್ಲದು.

ಮೂರನೆಯದು ಆ್ಯಪಿನ ಲೆಕ್ಕಗಳ ಆಯ್ಕೆ. ಅದಕ್ಕೆ ಮೊದಲು, ಇಶಾ ಏಕೆ ಇಲ್ಲವಾಗುತ್ತದೆ? ಮುಳುಗಿದ ಸೂರ್ಯ ದಿಗಂತದಿಂದ ಸುಮಾರು 18 ಡಿಗ್ರಿ ಕೆಳಗೆ ಇಳಿದಾಗ ಸಂಜೆಬೆಳಕು ಪೂರ್ತಿ ಆರುತ್ತದೆ, ನಮ್ಮ ಕಡೆಯ ವೇಳಾಪಟ್ಟಿಗಳು ಹೆಚ್ಚಾಗಿ ಇದನ್ನೇ ಹಿಡಿಯುತ್ತವೆ. ಕೊಪ್ಪದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ 80 ನಿಮಿಷದೊಳಗೆ ಅಲ್ಲಿಗೆ ಮುಟ್ಟುತ್ತಾನೆ. ಸ್ಟಾಕ್‌ಹೋಮಿನಲ್ಲಿ ಓರೆಯಾಗಿ ಇಳಿದು, ಜೂನ್ 21ರ ನಡುರಾತ್ರಿಯಲ್ಲೂ 7 ಡಿಗ್ರಿಯಷ್ಟೇ ಕೆಳಗಿದ್ದು, ಮತ್ತೆ ಮೇಲೆ ಬರುತ್ತಾನೆ. ಈ ಲೆಕ್ಕದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಸುಮಾರಿನವರೆಗೆ ಅಲ್ಲಿ ಕತ್ತಲೆ ಪೂರ್ತಿಯಾಗುವುದೇ ಇಲ್ಲ. ಇಂಥ ರಾತ್ರಿಗಳು ಶುರುವಾಗುವುದು ಸುಮಾರು 48 ಡಿಗ್ರಿ ಅಕ್ಷಾಂಶದ ಆಚೆ. ಸ್ಟಾಕ್‌ಹೋಮ್ 59ರಲ್ಲಿದೆ, ಕೊಪ್ಪ ಹದಿಮೂರೂವರೆಯಲ್ಲಿ.

ಇದು ಸಾಫ್ಟ್‌ವೇರ್ ಕಾಲದ ಪ್ರಶ್ನೆಯಲ್ಲ. 922ರಲ್ಲಿ ಬಗ್ದಾದಿನ ಖಲೀಫ ಅಲ್ ಮುಕ್ತದಿರ್ ಕಳಿಸಿದ ನಿಯೋಗದಲ್ಲಿ ಇಬ್ನ್ ಫದ್ಲಾನ್ ಎಂಬುವನು ವೋಲ್ಗಾ ನದಿಯ ದಂಡೆಯ ಬುಲ್ಗಾರರ ನಾಡಿಗೆ ಹೋಗಿದ್ದ. ಈಗಿನ ರಷ್ಯಾದ ತತಾರ್‌ಸ್ತಾನ್, ಸುಮಾರು 55 ಡಿಗ್ರಿ ಅಕ್ಷಾಂಶ. ಅಲ್ಲಿದ್ದ ಬಗ್ದಾದಿನ ದರ್ಜಿಯೊಬ್ಬನ ಜೊತೆ ಡೇರೆಯಲ್ಲಿ ಮಾತಾಡುತ್ತ ಇಶಾದ ಬಾಂಗಿಗೆ ಕಾದು ಕುಳಿತಿದ್ದನಂತೆ. ಬಾಂಗ್ ಕೇಳಿ ಹೊರಗೆ ಬಂದರೆ ಬೆಳಗಾಗಿತ್ತು. ಇದು ಯಾವ ಬಾಂಗ್ ಎಂದು ಮುಅದ್ದಿನನ್ನು ಕೇಳಿದರೆ ಸುಬಹಿಯದು ಎಂದ. ಇಶಾ ಎಲ್ಲಿ ಎಂದರೆ, ನಾವು ಮಗ್ರಿಬಿನ ಜೊತೆಗೇ ಮಾಡಿಬಿಡುತ್ತೇವೆ ಎಂದ. ಸುಬಹಿ ತಪ್ಪಿಹೋದೀತೆಂಬ ಭಯದಲ್ಲಿ ಒಂದು ತಿಂಗಳಿನಿಂದ ರಾತ್ರಿ ಮಲಗಿಲ್ಲ ಎಂದೂ ಆ ಮುಅದ್ದಿನ್ ಹೇಳಿದ್ದಾಗಿ ಇಬ್ನ್ ಫದ್ಲಾನ್ ಬರೆದಿದ್ದಾನೆ. ಸಾವಿರ ವರ್ಷಗಳ ಹಿಂದಿನ ಆ ಮುಅದ್ದಿನನ ನಿದ್ದೆಗೆಟ್ಟ ಕಣ್ಣುಗಳ ಬಗ್ಗೆ ನನಗೆ ಇಂದಿನ ಹಲವು ಫತ್ವಾಗಳಿಗಿಂತ ಹೆಚ್ಚಿನ ಗೌರವವಿದೆ.

ಬುಲ್ಗಾರರ ಇಶಾ ಮುಂದೆ ಹನಫಿ ಪಂಡಿತರ ನಡುವೆ ಶತಮಾನಗಳ ಚರ್ಚೆಯಾಯಿತು. ಹೊತ್ತು ಬರದಿದ್ದರೆ ಆ ನಮಾಝ್ ಕಡ್ಡಾಯವೇ ಅಲ್ಲ ಎಂದ ಅಲ್ ಬಕ್ಕಾಲಿ. ಕೈ ಮೊಣಕೈಯ ಮೇಲಿಂದ ಕತ್ತರಿಸಿಹೋದವನಿಗೆ ವುಳೂವಿನಲ್ಲಿ ಕೈ ತೊಳೆಯುವ ಕರ್ತವ್ಯ ಹೇಗೆ ಉಳಿಯುವುದಿಲ್ಲವೋ ಹಾಗೆ ಎಂಬುದು ಅವನ ವಾದ. ಕೇಳಲು ಚೆನ್ನಾಗಿದೆ. ಹದಿನೈದನೆಯ ಶತಮಾನದ ಇಬ್ನುಲ್ ಹುಮಾಮ್ ಇದನ್ನು ಒಪ್ಪಲಿಲ್ಲ. ಕೈ ಎಂಬುದು ತೊಳೆಯಬೇಕಾದ ವಸ್ತು. ಸಂಜೆಗೆಂಪು ಅಳಿಯುವುದು ಬರೀ ಗುರುತು. ವಸ್ತುವೇ ಇಲ್ಲದಿರುವುದಕ್ಕೂ ಗುರುತು ಕಾಣದಿರುವುದಕ್ಕೂ ವ್ಯತ್ಯಾಸವಿದೆ, ಐದು ನಮಾಝ್ ಎಲ್ಲರ ಮೇಲೂ ಇದೆ ಎಂದ. ಅವನು ಆಧಾರಕ್ಕೆ ಹಿಡಿದದ್ದು ದಜ್ಜಾಲನ ಬಗೆಗಿನ ಹದೀಸನ್ನು. ಒಂದು ದಿನ ಒಂದು ವರ್ಷದಷ್ಟು ಉದ್ದವಾಗುವ ಕಾಲದಲ್ಲಿ ಒಂದು ದಿನದ ನಮಾಝ್ ಸಾಕೇ ಎಂದು ಸಂಗಡಿಗರು ಕೇಳಿದಾಗ ಪ್ರವಾದಿಯವರು ಸಾಲದು, ಅಂದಾಜು ಮಾಡಿಕೊಳ್ಳಿ ಎಂದರೆಂದು ಅಲ್ಲಿ ಬರುತ್ತದೆ. ಅದೇ ಬುಲ್ಗಾರರ ನೆಲದ ತತಾರ್ ಪಂಡಿತ ಶಿಹಾಬುದ್ದೀನ್ ಅಲ್ ಮರ್ಜಾನಿ 1870ರಲ್ಲಿ ಕಝಾನಿನಲ್ಲಿ ಅಚ್ಚಾದ ತನ್ನ ಗ್ರಂಥವನ್ನು ಈ ವಾದಕ್ಕೆ ಮೀಸಲಿಟ್ಟ: ಕೆಂಪು ಅಳಿಯದಿದ್ದರೂ ಇಶಾ ಕಡ್ಡಾಯ.

ಶಾಫಿಈಗಳಲ್ಲಿ ಇಷ್ಟು ಜಗ್ಗಾಟವಿಲ್ಲ. ಇಶಾ ಕಡ್ಡಾಯವೇ. ಗುರುತು ಕಾಣುವ ಅತಿ ಹತ್ತಿರದ ನಾಡನ್ನು ಹಿಡಿದು ಅಂದಾಜು ಮಾಡಬೇಕು. ಹೇಗೆ ಅಂದಾಜು ಮಾಡುವುದು ಎಂಬಲ್ಲಿಂದ ಆ್ಯಪಿನ ಮೂರು ಲೆಕ್ಕಗಳು ಹುಟ್ಟುತ್ತವೆ. ಜೂನ್ 21ರ ಸ್ಟಾಕ್‌ಹೋಮಿನ ರಾತ್ರಿ 10:08ರಿಂದ 3:31ರವರೆಗೆ, ಅಂದರೆ 5 ಗಂಟೆ 23 ನಿಮಿಷ. ಇದನ್ನು ಏಳು ಪಾಲು ಮಾಡಿ ಮೊದಲ ಪಾಲು ಕಳೆದ ಮೇಲೆ ಇಶಾ, ಕೊನೆಯ ಪಾಲು ಶುರುವಾದಾಗ ಸುಬಹಿ ಎನ್ನುವುದು ಒಂದು ಲೆಕ್ಕ. ಇಶಾ 10:54ಕ್ಕೆ, ಸುಬಹಿ 2:45ಕ್ಕೆ ಬರುತ್ತದೆ. ಇನ್ನೊಂದು, ರಾತ್ರಿಯನ್ನು ನಡುವೆ ಸೀಳಿ ಅದೇ ಇಶಾದ ಹೊತ್ತು ಎನ್ನುವುದು. ಆಗ ಇಶಾ 12:49ಕ್ಕೆ, ಮುಗಿಸಿ ತಲೆ ಎತ್ತುವಾಗಲೇ ಸುಬಹಿ.

ಮೂರನೆಯ ಲೆಕ್ಕ ಮಕ್ಕಾದ ರಾಬಿತಾದ ಫಿಕ್‌ಹ್ ಪರಿಷತ್ತು 1986ರಲ್ಲಿ ಹೇಳಿದ ತತ್ತ್ವದಿಂದ ಬಂದದ್ದು. 48ರಿಂದ 66 ಡಿಗ್ರಿಯವರೆಗಿನ ನಾಡುಗಳಲ್ಲಿ ಇಲ್ಲದ ಗುರುತನ್ನು, ಗುರುತು ಇರುವ ಹತ್ತಿರದ ಅಕ್ಷಾಂಶದ ರಾತ್ರಿಯ ಅನುಪಾತದಲ್ಲಿ ಹಿಡಿಯಬೇಕು. 66ರ ಆಚೆ ಎಲ್ಲ ಹೊತ್ತುಗಳನ್ನೂ 45 ಡಿಗ್ರಿಯ ಅನುಪಾತದಲ್ಲಿ. ಲೆಕ್ಕ ಸುಲಭವಾಗಲೆಂದು ಇಲ್ಲಿಯೂ 45 ಡಿಗ್ರಿಯನ್ನೇ ಹಿಡಿದರೆ, ಅಲ್ಲಿ ಅದೇ ದಿನದ ರಾತ್ರಿ 503 ನಿಮಿಷ, ಸೂರ್ಯ ಮುಳುಗಿ 153 ನಿಮಿಷಕ್ಕೆ ಇಶಾ. ಅಂದರೆ ರಾತ್ರಿಯ ನೂರರಲ್ಲಿ ಸುಮಾರು ಮೂವತ್ತು ಪಾಲು. ಸ್ಟಾಕ್‌ಹೋಮಿನ ಗಿಡ್ಡ ರಾತ್ರಿಗೆ ಇದೇ ಪಾಲನ್ನು ಹಚ್ಚಿದರೆ 98 ನಿಮಿಷ. ಇಶಾ 11:46ಕ್ಕೆ, ಸುಬಹಿ 1:53ಕ್ಕೆ.

ಈ ಮೂರರಲ್ಲಿ ಯಾವುದು ಸರಿ ಎಂದು ಆಕಾಶ ಹೇಳುವುದಿಲ್ಲ. ಅಂದಾಜಿಗೆ ಮೂರು ದಾರಿ, ಮೂರರ ಹಿಂದೆಯೂ ಓದಿದವರಿದ್ದಾರೆ. ಮಗ್ರಿಬ್ ಇಶಾವನ್ನು ಒಟ್ಟಿಗೆ ಮಾಡುವುದನ್ನು ಶಾಫಿಈಗಳು ಪ್ರಯಾಣಿಕನಿಗೆ ಬಿಡುತ್ತಾರೆ, ನೆಲೆ ನಿಂತವನಿಗೆ ಜಮಾಅತಿನಲ್ಲಿ ಮಳೆಯ ಕಾರಣಕ್ಕೆ ಮಾತ್ರ. ಆದರೆ ಯುರೋಪಿನ ಫತ್ವಾ ಪರಿಷತ್ತು ಉತ್ತರದ ಬೇಸಿಗೆಯಲ್ಲಿ ಕಷ್ಟವನ್ನು ನೋಡಿ ಇದಕ್ಕೆ ಅವಕಾಶ ಕೊಟ್ಟಿದೆ. ಹಾಗಾಗಿ ಹುಡುಗ ಒಂದೊಂದು ರಾತ್ರಿ ಮಾಡಿದ ಒಂದೊಂದು ಇಶಾವನ್ನು ಬಿಡಿಬಿಡಿಯಾಗಿ ಎತ್ತಿ ನೋಡಿದರೆ ಯಾವುದನ್ನೂ ಆಗಲಿಲ್ಲ ಎನ್ನಲು ಬರುವುದಿಲ್ಲ.

ಲೋಪ ಇರುವುದು ಬಿಡಿಯಲ್ಲಲ್ಲ, ಸರಣಿಯಲ್ಲಿ. ಅವನು ಪ್ರತಿ ಸಂಜೆ ಮೊದಲು ತನ್ನ ನಿದ್ದೆ, ಊಟ, ಗೆಳೆಯರನ್ನು ನೋಡಿದ, ಆಮೇಲೆ ಅದಕ್ಕೆ ಒಪ್ಪುವ ಲೆಕ್ಕವನ್ನು ಆ್ಯಪಿನಲ್ಲಿ ಆರಿಸಿದ. ಏಳನೆಯ ಪಾಲಿನಲ್ಲಿ ಇಶಾ ಬೇಗ ಬರುತ್ತದೆ, ಸುಬಹಿ ತಡವಾಗಿ ಶುರುವಾಗುತ್ತದೆ. ನಡುರಾತ್ರಿಯ ಲೆಕ್ಕದಲ್ಲಿ ಇಶಾ ತಡ, ಸುಬಹಿ ಬೇಗ. ಸಂಜೆಗೆ ಒಂದನ್ನು, ಅದೇ ರಾತ್ರಿಯ ಬೆಳಗಿಗೆ ಇನ್ನೊಂದನ್ನು ಹಿಡಿದರೆ ಎರಡು ಲೆಕ್ಕಗಳ ಅನುಕೂಲ ಮಾತ್ರ ಉಳಿದು ಎರಡರ ಭಾರವೂ ಹೋಗುತ್ತದೆ. ತೋಟದಲ್ಲಿ ತೂಕಕ್ಕೆ ಒಂದು ತಕ್ಕಡಿ, ಮಾರಾಟಕ್ಕೆ ಇನ್ನೊಂದು ತಕ್ಕಡಿ ಇಟ್ಟವನನ್ನು ನಾವು ಏನೆನ್ನುತ್ತೇವೆ? ಎರಡು ತಕ್ಕಡಿಗೂ ಸರ್ಕಾರದ ಮುದ್ರೆ ಇರಬಹುದು. ರಿಯಾಯಿತಿಯನ್ನು ತೆಗೆದುಕೊಳ್ಳುವುದು ತಪ್ಪಲ್ಲ, ಅದು ಇರುವುದೇ ತೆಗೆದುಕೊಳ್ಳಲಿಕ್ಕೆ. ಅದನ್ನು ದಿನದಿನದ ಮನಸ್ಸಿಗೆ ತಕ್ಕಂತೆ ಬದಲಿಸುತ್ತ ಹೋದರೆ ನಮಾಝ್ ಹೊತ್ತಿಗೆ ಬದ್ಧವಾಗಿ ಉಳಿಯುವುದಿಲ್ಲ, ಹೊತ್ತೇ ನಮಾಝ್ ಮಾಡುವವನಿಗೆ ಬದ್ಧವಾಗಿಬಿಡುತ್ತದೆ.

ಅವನ ಎದುರು ಸುಲಭವಾದ ದಾರಿ ಇತ್ತು. ಸ್ಟಾಕ್‌ಹೋಮಿನ ನಡುವೆ ಹಳೆಯ ವಿದ್ಯುತ್ ಕೇಂದ್ರದ ಕಟ್ಟಡದಲ್ಲಿ 2000ದಿಂದ ದೊಡ್ಡ ಮಸೀದಿಯೊಂದಿದೆ. ಅಲ್ಲಿಯ ಜಮಾಅತ್ ಯಾವ ಲೆಕ್ಕ ಹಿಡಿದಿದೆಯೋ ಅದನ್ನು ಕೇಳಿ ಹಿಡಿದಿದ್ದರೆ ಆಯ್ಕೆ ಅವನ ಕೈಯಿಂದ ತಪ್ಪಿ ಅವನು ಹಗುರಾಗುತ್ತಿದ್ದ. ಬೇರೆ ಊರಿಗೆ ಹೋದವನು ಆ ಊರಿನವರ ಜೊತೆ ನಡೆಯುವುದು ಮಲೆನಾಡಿನವರಿಗೆ ಹೊಸ ಪಾಠವೇನಲ್ಲ.

ಒಂದು ವಿಷಯದಲ್ಲಿ ಉಮ್ಮನ ಮಾತಿಗೆ ನ್ಯಾಯ ಒದಗಿಸಬೇಕು. ಅದೇ ಹುಡುಗ ಅದೇ ಜೂನಿನಲ್ಲಿ ಕೆಲಸದ ಮೇಲೆ ಸ್ವೀಡನ್ನಿನ ಉತ್ತರ ತುದಿಯ ಕಿರುನಾಕ್ಕೆ ಹೋದನೆನ್ನಿ. ಅಲ್ಲಿ ಮೇ ಕೊನೆಯಿಂದ ಜುಲೈ ನಡುವಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಮಗ್ರಿಬಿಗೂ ಗುರುತಿಲ್ಲ. ಅಲ್ಲಿ ಬೇರೆ ನಾಡಿನ ಹೊತ್ತನ್ನು ಎರವಲು ತರಲೇಬೇಕು. 45 ಡಿಗ್ರಿಯ ಅನುಪಾತ ಹಿಡಿಯುವವರಿದ್ದಾರೆ, ಮಕ್ಕಾದ ಹೊತ್ತನ್ನು ಹಿಡಿಯಬಹುದು ಎನ್ನುವವರೂ ಇದ್ದಾರೆ. ಹತ್ತಿರದ ನಾಡು ಎಂಬ ಅಳತೆಯಲ್ಲಿ ಕೊಪ್ಪ ಅಲ್ಲಿಯೂ ಬರುವುದಿಲ್ಲ. ಆದರೂ ಗುರುತಿಲ್ಲದ ಕಡೆ ಗುರುತಿರುವ ಊರನ್ನು ಆಶ್ರಯಿಸು ಎಂಬ ಅವಳ ಬುದ್ಧಿ ಫಿಕ್‌ಹಿನ ಬುದ್ಧಿಯೇ. ಅದನ್ನು ಅವಳು ಅನ್ವಯಿಸಿದ ಊರು ತಪ್ಪಿತ್ತು.

ಇವನ ನಿಜವಾದ ಪರೀಕ್ಷೆ ಇನ್ನೂ ಬಂದಿಲ್ಲ. ಡಿಸೆಂಬರ್ 21ಕ್ಕೆ ಸ್ಟಾಕ್‌ಹೋಮಿನಲ್ಲಿ ಲುಹರ್ 11:46ಕ್ಕೆ, ಅಸರ್ 12:42ಕ್ಕೆ, ಮಗ್ರಿಬ್ 2:48ಕ್ಕೆ. ಸುಮಾರು ಮೂರು ಗಂಟೆಯೊಳಗೆ ಮೂರು ನಮಾಝ್, ಮೂರೂ ಆಫೀಸಿನ ಹೊತ್ತಿನಲ್ಲಿ. ಜೂನಿನ ಇಶಾಕ್ಕೆ ಹನ್ನೊಂದು ಶತಮಾನಗಳ ಚರ್ಚೆ ಬೆನ್ನಿಗಿದೆ. ಡಿಸೆಂಬರಿನ ಅಸರಿಗೆ ಏನೂ ಇಲ್ಲ, ಏಕೆಂದರೆ ಎಲ್ಲ ಗುರುತುಗಳೂ ಸ್ಪಷ್ಟವಾಗಿವೆ. ಅಲ್ಲಿ ಬೇಕಾದದ್ದು ಖಗೋಳವೂ ಅಲ್ಲ, ಫತ್ವಾವೂ ಅಲ್ಲ. ಹತ್ತು ನಿಮಿಷ ಬಿಡುವು ಕೊಡಿ ಎಂದು ಮೇಲಿನವರನ್ನು ಕೇಳುವ ಬಾಯಿ ಬೇಕು. ಬೇಸಿಗೆಯ ಗೊಂದಲದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹಲವರು ಚಳಿಗಾಲದ ಅಸರನ್ನು ಸದ್ದಿಲ್ಲದೆ ಕಝಾಕ್ಕೆ ತಳ್ಳುತ್ತಾರೆ.

ಉಸ್ತಾದರ ಜಾಗದಲ್ಲಿ ನಾನಿದ್ದರೆ ಹುಡುಗನಿಗೆ ಕೊಡುವ ತೀರ್ಪು ಇಷ್ಟು. ಸೂರ್ಯ ಮುಳುಗುವ ಕಿಟಕಿಗೆ ಮುಖ ಮಾಡಿ ನಿಂತ ದಿನಗಳ ನಮಾಝನ್ನು ಕಝಾ ಮಾಡಬೇಕು. ಕೊಪ್ಪದ ಬಾಂಗ್ ಹಿಡಿದ ದಿನಗಳ ಲುಹರ್, ಅಸರ್, ಮಗ್ರಿಬ್, ಇಶಾ ಎಲ್ಲವೂ ಹೊತ್ತಿಗೆ ಮೊದಲೇ ಮಾಡಿದವು, ಅವೂ ಕಝಾ. ಆ ದಿನಗಳ ಸುಬಹಿ ಅಲ್ಲಿನ 1:13ಕ್ಕೆ ಬಿದ್ದಿದೆ. ನಡುರಾತ್ರಿಯ ಲೆಕ್ಕದಲ್ಲಿ ಅದು ನಿಲ್ಲುತ್ತದೆ, ಉಳಿದೆರಡರಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಅದನ್ನೂ ಸೇರಿಸಿ ಮಾಡಿಬಿಡುವುದು ಕ್ಷೇಮ. ದಿಕ್ಕು ಸರಿಯಿದ್ದ ದಿನಗಳಲ್ಲಿ ಮೂರು ಲೆಕ್ಕಗಳಲ್ಲಿ ಒಂದನ್ನೋ ಮತ್ತೊಂದನ್ನೋ ಹಿಡಿದು ಮಾಡಿದ ಇಶಾಗಳು ಆದವು, ಅವುಗಳನ್ನು ಮತ್ತೆ ಮಾಡಬೇಕಿಲ್ಲ. ಆದರೆ ಇವತ್ತಿನಿಂದ ಆಗಸ್ಟ್ 20ರವರೆಗೆ ಒಂದೇ ಲೆಕ್ಕ, ಇಶಾಕ್ಕೂ ಸುಬಹಿಗೂ ಅದೇ, ಅದೂ ಅಲ್ಲಿನ ಮಸೀದಿಯವರು ಹಿಡಿದದ್ದು. ಆ್ಯಪಿನಲ್ಲಿ ಅದನ್ನು ಇಟ್ಟ ಮೇಲೆ ಆ ಪುಟವನ್ನು ಮತ್ತೆ ತೆರೆಯಬಾರದು.